ಲಾನ್ ಅಕ್ಕನ ಟಿಕೆಟ್ಟು

ನನ್ನೂರು ಚಿತ್ರದುರ್ಗದ ಹತ್ತಿರದ ಸಿರಿಗೆರೆ. ಅದು ನನ್ನ ಹೆಸರಲ್ಲೂ ಇದೆ. ಮೊದಲು ಊರು, ಆಮೇಲೆ ಅಪ್ಪನ ಹೆಸರು, ಕೊನೆಗೆ ನಾನು. ಶಾಲೆಯಲ್ಲಿದ್ದಷ್ಟು ದಿನ ಮೊದಲಿನವೆರಡು ಇನಿಷಿಯಲ್ ಆಗಿ ತೆಪ್ಪಗಿದ್ದವು. ಪಾಸ್‌ಪೋರ್ಟಿಗಾಗಿ ಬಿಡಿಸಿ ಬರೆದೆ ನೋಡಿ, ಅವತ್ತಿನಿಂದ ಅಮೆರಿಕದ ಕ್ಲೈಂಟ್‌ಗಳಿಗೆ ನಾನು ‘ಹಾಯ್ ಸಿರಿಗೆರೆ’. ನಮ್ಮ ಜಿಲ್ಲೆಯವರೇ ಆದ ಎಸ್. ನಿಜಲಿಂಗಪ್ಪನವರನ್ನು ಯಾರಾದರೂ ‘ಸಿದ್ದವ್ವನಹಳ್ಳಿಯವರೇ’ ಅಂತ ಕರೆದಿದ್ದರೆ ಹೇಗಿರುತ್ತಿತ್ತು, ಊಹಿಸಿಕೊಳ್ಳಿ!

ಆದರೆ ಹೋ ಚಿ ಮಿನ್ ಸಿಟಿಯ ನಮ್ಮ ತಂಡದವರು ಮಾತ್ರ ಮೊದಲ ಮೇಲ್‌ನಲ್ಲೇ ನನ್ನ ಸ್ವಂತ ಹೆಸರಿಡಿದು ಬರೆದರು. ಯಾರಾದರೂ ಹೇಳಿಕೊಟ್ಟಿರಬೇಕು ಅಂದುಕೊಂಡೆ. ಕಾರಣ ಬೇರೆಯೇ ಇತ್ತು, ಅದು ತಿಳಿಯುವಷ್ಟರಲ್ಲಿ ನಾನೊಂದು ಎಡವಟ್ಟು ಮಾಡಿ ಮುಗಿಸಿದ್ದೆ.

ಆ ತಂಡದ ಒಬ್ಬರು ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದರು. ಅವರ ಹೆಸರು Nguyen Thi Ngoc Lan ಎಂದಿಟ್ಟುಕೊಳ್ಳಿ (ನಿಜವಾದ ಹೆಸರು ಬೇರೆ, ಅಚ್ಚು ಇದೇ). ರಜೆಯ ಎರಡು ದಿನದಲ್ಲಿ ಬೋಧಗಯೆಗೆ ಹೋಗಿ ಅಮ್ಮನ ಹರಕೆ ತೀರಿಸಬೇಕಿತ್ತು. ಟಿಕೆಟ್ ಮಾಡುವ ಹೊಣೆ ನನ್ನದು. ಮೇಲ್ ನೋಡಿಕೊಂಡು, ಕೊನೆಯ ಪದ ಸರ್‌ನೇಮ್ ತಾನೇ ಅಂತ LAN ಎಂದು ಅಲ್ಲಿ ತುಂಬಿದೆ. ಮಿಕ್ಕಿದ್ದೆಲ್ಲ ಮೊದಲ ಹೆಸರಿನ ಜಾಗಕ್ಕೆ ಹೋಯಿತು. ಅವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ NGUYEN, ಹೆಸರು THI NGOC LAN. ಕೌಂಟರಿನಲ್ಲಿ ಎರಡೂ ತಾಳೆಯಾಗಲಿಲ್ಲ. ಫೋನಿನ ಮೇಲೆ ಫೋನು ಮಾಡಿ ತಿದ್ದಿಸುವಷ್ಟರಲ್ಲಿ ವಿಮಾನ ಹೋಗಿತ್ತು. ಮರುದಿನದ ಟಿಕೆಟ್ ನನ್ನ ದುಡ್ಡಿನಲ್ಲಿ ತೆಗೆದೆ, ಆದರೆ ಎರಡು ದಿನದಲ್ಲಿ ಒಂದು ದಿನ ಹೋಯಿತಲ್ಲ, ಅದನ್ನು ಎಲ್ಲಿಂದ ತರೋದು?

ಸಂಜೆ ಕ್ಯಾಂಟೀನಿನಲ್ಲಿ, ಮುಖ ಎತ್ತಲಾಗದೆ, “ಸಾರಿ, ಮಿಸ್ ನ್ಗುಯೆನ್” ಅಂದೆ. ಅವರು ನಕ್ಕರು. “ನಮ್ಮ ತಂಡದ ಒಂಬತ್ತು ಜನರಲ್ಲಿ ನಾಲ್ಕು ಜನ ನ್ಗುಯೆನ್. ನೀವು ಯಾರಿಗೆ ಸಾರಿ ಹೇಳ್ತಿದ್ದೀರಿ?”

ಕಾಗದದ ಮೇಲೆ ಬರೆದು ತೋರಿಸಿದರು. ಮೊದಲನೆಯದು ಮನೆತನದ ಹೆಸರು. ವಿಯೆಟ್ನಾಮಿನಲ್ಲಿ ಅತಿ ಹೆಚ್ಚು ಇರುವುದು ನ್ಗುಯೆನ್. 1802ರಿಂದ 1945ರವರೆಗೆ ಆಳಿದ ಕೊನೆಯ ರಾಜಮನೆತನದ ಹೆಸರೂ ಅದೇ. ಅಷ್ಟೊಂದು ಜನರಿಗಿರುವ ಹೆಸರನ್ನು ಕೂಗಿದರೆ ಯಾರು ತಿರುಗಿ ನೋಡಬೇಕು? ಹಾಗಾಗಿ ಮರ್ಯಾದೆ ಕೊಡುವಾಗಲೂ ಕರೆಯುವುದು ಕೊನೆಯ ಹೆಸರಿನಿಂದಲೇ. ವೋ ನ್ಗುಯೆನ್ ಜಾಪ್ ಎಂಬ ಸೇನಾನಿ ಲೋಕಕ್ಕೆಲ್ಲ ಜನರಲ್ ಜಾಪ್ ಆದದ್ದು ಹೀಗೆ. ಹೋ ಚಿ ಮಿನ್‌ರನ್ನು ‘ಹೋ ಮಾಮ’ ಎನ್ನುತ್ತಾರಲ್ಲ, ಅದು ಅಪವಾದ. ಅದನ್ನು ನೋಡಿಯೇ ನನ್ನಂಥವರು ಮೋಸ ಹೋಗುವುದು.

ನಡುವಿನ ‘ಥಿ’ ಹೆಂಗಸರ ಹೆಸರಿನಲ್ಲಿ ಹಿಂದಿನಿಂದ ಬಂದ ಗುರುತು. ಗಂಡಸರಿಗೆ ‘ವಾನ್’ ಇದ್ದ ಹಾಗೆ. ನಾನು ಒಂದು ಮೇಲ್‌ನಲ್ಲಿ ‘ಡಿಯರ್ ಥಿ’ ಎಂದೂ ಬರೆದಿದ್ದೆ. ಅಂದರೆ ಹೆಚ್ಚುಕಮ್ಮಿ ‘ಪ್ರಿಯ ಕುಮಾರಿ’ ಎಂದು ಬರೆದು ಹೆಸರನ್ನೇ ಬಿಟ್ಟ ಹಾಗೆ. ‘ನ್ಗೊಕ್’ ಎಂದರೆ ರತ್ನದಂಥ ಹಸಿರು ಕಲ್ಲು, ‘ಲಾನ್’ ಎಂದರೆ ಆರ್ಕಿಡ್ ಹೂವು. ಎರಡೂ ಸೇರಿದರೆ ನಮ್ಮ ಬಿಳಿ ಸಂಪಿಗೆ! ಆಫೀಸಿನಲ್ಲಿ ಬರೀ ಲಾನ್. ಇನ್ನೊಬ್ಬ ಲಾನ್ ಇದ್ದರೆ ಮಾತ್ರ ನ್ಗೊಕ್ ಲಾನ್.

“ಪಾಶ್ಚಾತ್ಯರಿಗಾಗಿ ಕೆಲವರು ತಿರುಗಿಸಿ ಬರೀತಾರೆ, ಅಲ್ಲಿ ಹುಷಾರು” ಅಂದರು. ಕೊನೆಯಲ್ಲಿ ನ್ಗುಯೆನ್, ತ್ರಾನ್, ಲೆ, ಫಾಮ್ ಕಂಡರೆ ಹೆಸರು ತಿರುಗಿರುವ ಸಾಧ್ಯತೆ ಹೆಚ್ಚು, ಆಗ ಕರೆಯುವ ಹೆಸರು ಮೊದಲಲ್ಲಿರುತ್ತದೆ. ಟಿಕೆಟ್ಟಿಗಾದರೆ ಮೇಲ್ ನೋಡಲೇಬಾರದು, ಪಾಸ್‌ಪೋರ್ಟಿನ ಫೋಟೊ ತರಿಸಿಕೊಂಡು ಅದರಲ್ಲಿದ್ದಂತೆ ತುಂಬಬೇಕು.

ನನ್ನ ಹೆಸರು ಅವರಿಗೆ ಹೇಗೆ ಸರಿಯಾಗಿ ಸಿಕ್ಕಿತು ಅಂತ ಆಗ ಹೊಳೆಯಿತು. ಅವರ ರೂಢಿಯಂತೆ ಕೊನೆಯ ಪದ ಹಿಡಿದಿದ್ದರು, ಅದೇ ನಾನಾಗಿದ್ದೆ.

ಆಮೇಲೆ ಥಟ್ಟನೆ, “ನಿಮ್ಮ ವಯಸ್ಸೆಷ್ಟು?” ಅಂತ ಕೇಳಿದರು. ಗಾಬರಿಯಾಯಿತು. ಅವರ ಭಾಷೆಯಲ್ಲಿ ಬರೀ ಹೆಸರು ಸಾಲದಂತೆ, ಅದರ ಮುಂದೆ ಸಂಬಂಧದ ಪದ ಬೇಕು. ಸ್ವಲ್ಪ ದೊಡ್ಡವರಾದ ಹೆಂಗಸು ‘ಚಿ’, ಗಂಡಸು ‘ಆನ್’, ಚಿಕ್ಕವರು ಯಾರಾದರೂ ‘ಎಮ್’. ಅವರ ಜೊತೆ ಮಾತಾಡುವಾಗ ನಾನು ನನ್ನನ್ನೂ ‘ಎಮ್’ ಅಂತಲೇ ಕರೆದುಕೊಳ್ಳಬೇಕು. ಅವರು ನನಗಿಂತ ಮೂರು ವರ್ಷ ದೊಡ್ಡವರು.

“ಹಾಗಾದ್ರೆ ಚಿ ಲಾನ್. ನಮ್ಮ ಕಡೆ ಲಾನ್ ಅಕ್ಕ ಅಂತೀವಿ, ಅಕ್ಕ ಹಿಂದೆ ಬರುತ್ತೆ” ಅಂದೆ.

ಮರುದಿನ ಗಯೆಯಿಂದ ಫೋಟೊ ಬಂತು, ಬೋಧಿವೃಕ್ಷದ ಕೆಳಗೆ ನಿಂತಿದ್ದರು. ಜೊತೆಗೆ ಒಂದು ಸಾಲು: ಹರಕೆ ತೀರಿತು, ಎಮ್, ವಾಪಸ್ ಟಿಕೆಟ್‌ನಲ್ಲಿ ಹೆಸರು ಸರಿ ಇದೆ ತಾನೇ?