ಕಾರು ಕದ್ದವನಿಗೆ ಗಲ್ಲು: ಎರಡು ಪದಗಳ ಸುತ್ತ ಒಂದು ಕಥೆ

ಆಫ್ರಿಕಾದ ದಕ್ಷಿಣ ಭಾಗದಲ್ಲಿ ಜಾಂಬಿಯಾ ಅಂತ ಒಂದು ದೇಶವಿದೆ. 1980ರ ಫೆಬ್ರವರಿಯಲ್ಲಿ ಅಲ್ಲಿ ಒಂದು ದರೋಡೆ ನಡೆಯಿತು. ಬಂದೂಕು ತೋರಿಸಿ ಒಬ್ಬರ ಕಾರು ಕಿತ್ತುಕೊಂಡು ಹೋದರು. ಬಂದೂಕು ಬಳಸಿದ್ದು ನಿಜ, ಆದರೆ ಯಾರೂ ಸಾಯಲಿಲ್ಲ, ಯಾರಿಗೂ ಗಾಯವೂ ಆಗಲಿಲ್ಲ. ಈ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ ಬರ್ನಾರ್ಡ್ ಲುಬುಟೊ ಎಂಬಾತನೂ ಇದ್ದ. 1983ರ ಆಗಸ್ಟ್‌ನಲ್ಲಿ ಕೋರ್ಟು ಅವನಿಗೆ ಮರಣದಂಡನೆ ವಿಧಿಸಿತು.

ನಮ್ಮ ಗುಂಪಿನಲ್ಲಿ ಈ ತೀರ್ಪನ್ನು ಮೊದಲು ಓದಿದಾಗ, ಕೆಳಗಿನ ನ್ಯಾಯಾಧೀಶರು ಬಹಳ ಕಠೋರ ಮನುಷ್ಯ ಇರಬೇಕು ಅಂತ ಮಾತಾಡಿಕೊಂಡೆವು. ಆದರೆ ತೊಂದರೆ ಇದ್ದದ್ದು ನ್ಯಾಯಾಧೀಶರಲ್ಲಲ್ಲ, ಕಾನೂನಿನಲ್ಲಿ. ಬಂದೂಕು ಹಿಡಿದು ದರೋಡೆ ಮಾಡಿದ್ದು ಸಾಬೀತಾದರೆ ಮರಣದಂಡನೆ ವಿಧಿಸಲೇಬೇಕು ಎಂದು ಜಾಂಬಿಯಾದ ದಂಡ ಸಂಹಿತೆ ಹೇಳುತ್ತಿತ್ತು. ಯಾರಾದರೂ ಸತ್ತರೋ ಇಲ್ಲವೋ, ಗುಂಡು ತಗುಲಿತೋ ಇಲ್ಲವೋ ಎಂದು ನೋಡಿ ಶಿಕ್ಷೆ ಕಡಿಮೆ ಮಾಡುವ ಅಧಿಕಾರವೇ ನ್ಯಾಯಾಧೀಶರಿಗೆ ಇರಲಿಲ್ಲ. 1988ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿ ತಳ್ಳಿಹಾಕಿತು. ಅಷ್ಟು ಹೊತ್ತಿಗೆ ಅವನು ಒಳಗೆ ಹೋಗಿ ಎಂಟು ವರ್ಷವಾಗಿತ್ತು.

ದೇಶದೊಳಗಿನ ಬಾಗಿಲೆಲ್ಲ ಮುಚ್ಚಿದ ಮೇಲೆ ಲುಬುಟೊ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಬರೆದ. ಜೈಲಿನಲ್ಲಿರುವ ಒಬ್ಬ ದರೋಡೆಕೋರನ ಕಾಗದ ಅಲ್ಲಿಯ ತನಕ ಹೇಗೆ ಹೋಗುತ್ತದೆ ಅಂತ ನಮಗೂ ಅನಿಸಿತ್ತು. ಅದಕ್ಕೆ ದಾರಿಯಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಅಂತ 1966ರಲ್ಲಿ ಒಂದು ಒಪ್ಪಂದವಾಯಿತು. ಅದು ಜಾರಿಗೆ ಬಂದದ್ದು 1976ರಲ್ಲಿ. ಅದರ ಜೊತೆಗೇ ಇನ್ನೊಂದು ಚಿಕ್ಕ ಪೂರಕ ಒಪ್ಪಂದವೂ ಇದೆ. ಒಂದು ದೇಶ ಆ ಪೂರಕ ಒಪ್ಪಂದಕ್ಕೂ ಸೇರಿದ್ದರೆ, ಅಲ್ಲಿನ ಯಾರು ಬೇಕಾದರೂ ತಮ್ಮದೇ ಸರ್ಕಾರದ ಮೇಲೆ ಸಮಿತಿಗೆ ದೂರು ಕೊಡಬಹುದು. ಜಾಂಬಿಯಾ ಎರಡಕ್ಕೂ ಸೇರಿತ್ತು.

ಆ ಒಡಂಬಡಿಕೆಯ ಆರನೇ ವಿಧಿ ಬದುಕುವ ಹಕ್ಕಿನದು. ಅದು ಮರಣದಂಡನೆಯನ್ನು ಪೂರ್ತಿ ನಿಷೇಧಿಸುವುದಿಲ್ಲ. ಇನ್ನೂ ರದ್ದು ಮಾಡದ ದೇಶಗಳು ಅದನ್ನು 'ಅತ್ಯಂತ ಗಂಭೀರ' ಅಪರಾಧಗಳಿಗೆ ಮಾತ್ರ ವಿಧಿಸಬಹುದು ಎನ್ನುತ್ತದೆ. ಇಡೀ ಜಗಳ ನಿಂತಿರುವುದು ಈ ಎರಡು ಪದಗಳ ಮೇಲೆ. ಯಾವುದು ಅತ್ಯಂತ ಗಂಭೀರ ಎನ್ನುವ ಪಟ್ಟಿಯನ್ನು ಒಡಂಬಡಿಕೆ ಬರೆದವರು ಕೊಡಲಿಲ್ಲ. ಪಟ್ಟಿ ಮಾಡಲು ಕೂತಿದ್ದರೆ ಒಂದೊಂದು ದೇಶ ಒಂದೊಂದು ಹೇಳುತ್ತಿತ್ತು, ಒಪ್ಪಂದವೇ ಆಗುತ್ತಿರಲಿಲ್ಲವೇನೋ ಅಂತ ನಮ್ಮ ಊಹೆ.

ಹಾಗಾದರೆ ಅದನ್ನು ತೀರ್ಮಾನಿಸುವವರು ಯಾರು? ಆಯಾ ದೇಶವೇ ಅಂದರೆ ಆ ಪದಗಳಿಗೆ ಬೆಲೆಯೇ ಉಳಿಯುವುದಿಲ್ಲ. ಜಾಂಬಿಯಾ ದರೋಡೆ ಗಂಭೀರ ಅನ್ನುತ್ತದೆ, ಇನ್ನೊಂದು ದೇಶ ಲಂಚ ಅನ್ನುತ್ತದೆ, ಮತ್ತೊಂದು ದೇಶ ರಾಜನನ್ನು ಬೈದದ್ದೂ ಗಂಭೀರವೇ ಅನ್ನುತ್ತದೆ. 1995ರ ಅಕ್ಟೋಬರ್ 31ರಂದು ಸಮಿತಿ ಲುಬುಟೊ ವಿಷಯದಲ್ಲಿ ತನ್ನ ಅಭಿಪ್ರಾಯ ಹೇಳಿತು. ಅದರ ತರ್ಕ ಸರಳ. ಬಂದೂಕಿನಿಂದ ಯಾರೂ ಸಾಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಕೋರ್ಟಿಗೆ ಕಾನೂನು ಅವಕಾಶವನ್ನೇ ಕೊಡಲಿಲ್ಲ. ಇಂಥ ಸಂದರ್ಭದಲ್ಲಿ ಕಡ್ಡಾಯವಾಗಿ ಮರಣದಂಡನೆ ವಿಧಿಸಿದ್ದು ಆರನೇ ವಿಧಿಯ ಉಲ್ಲಂಘನೆ. ಪ್ರಕರಣ ಎಂಟು ವರ್ಷ ಎಳೆದದ್ದೂ ತಪ್ಪು ಎಂದಿತು ಸಮಿತಿ. ಆರ್ಥಿಕ ಪರಿಸ್ಥಿತಿ ಚೆನ್ನಾಗಿಲ್ಲ, ಅದಕ್ಕೇ ತಡವಾಯಿತು ಎಂದು ಜಾಂಬಿಯಾ ಸರ್ಕಾರ ಹೇಳಿಕೊಂಡಿತ್ತು. ಆ ಮಾತು ಅಲ್ಲಿ ನಡೆಯಲಿಲ್ಲ.

ಸಮಿತಿ ಇಲ್ಲಿ 'ದರೋಡೆಗೆ ಎಂದೂ ಮರಣದಂಡನೆ ಕೂಡದು' ಎಂದು ಹೇಳಲಿಲ್ಲ ಅನ್ನುವುದನ್ನು ಗಮನಿಸಬೇಕು. ಈ ಪ್ರಕರಣದಲ್ಲಿ, ಈ ಕಾರಣಕ್ಕೆ ತಪ್ಪು ಎಂದಷ್ಟೇ ಹೇಳಿತು. ಆ ಎರಡು ಪದಗಳ ಅರ್ಥ ಕಿರಿದಾಗುತ್ತ ಬಂದದ್ದು ಹೀಗೆ ಮೆಲ್ಲಗೆ. 1982ರಲ್ಲಿ ಸಮಿತಿ, ಮರಣದಂಡನೆ ತೀರಾ ಅಪವಾದವಾಗಿರಬೇಕು ಎಂದಿತ್ತು. 1984ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ, ಬೇಕೆಂದೇ ಮಾಡಿದ ಮತ್ತು ಸಾವು ಅಥವಾ ಅಷ್ಟೇ ಭೀಕರವಾದ ಪರಿಣಾಮ ತಂದ ಅಪರಾಧಗಳನ್ನು ದಾಟಿ ಅದು ಹೋಗಬಾರದು ಎಂದಿತು. ಆದರೆ 'ಅಷ್ಟೇ ಭೀಕರ' ಎಂಬ ಮಾತಿನಲ್ಲಿ ಒಂದು ಕಿಂಡಿ ಉಳಿದಿತ್ತು. ಮಾದಕ ವಸ್ತು ಸಾಗಿಸುವುದೂ ಅಷ್ಟೇ ಭೀಕರ ಎಂದು ವಾದಿಸಲು ಅಲ್ಲಿ ಜಾಗವಿತ್ತು. 2018ರಲ್ಲಿ ಸಮಿತಿ ಆ ಕಿಂಡಿಯನ್ನೂ ಮುಚ್ಚಿತು. ಉದ್ದೇಶಪೂರ್ವಕವಾಗಿ ಕೊಂದ ಅತಿ ಗಂಭೀರ ಅಪರಾಧ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಕೊಲೆ ಯತ್ನ, ಭ್ರಷ್ಟಾಚಾರ, ಅಪಹರಣ, ಮಾದಕ ವಸ್ತು, ಲೈಂಗಿಕ ಅಪರಾಧ ಇವು ಎಷ್ಟೇ ಗಂಭೀರವಾಗಿದ್ದರೂ, ನೇರವಾಗಿ ಮತ್ತು ಬೇಕೆಂದೇ ಸಾವು ತಂದಿಲ್ಲದಿದ್ದರೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಆ ಸಾಲಿನಲ್ಲಿ ಸಶಸ್ತ್ರ ದರೋಡೆಯೂ ಇದೆ.

ಇಷ್ಟೆಲ್ಲ ಬರೆದರೂ ಸಮಿತಿಯ ಬಳಿ ಪೊಲೀಸರಿಲ್ಲ, ಜೈಲಿನ ಕೀಲಿಯೂ ಇಲ್ಲ. ಅದರ ಮಾತು ಕೇಳದ ದೇಶವನ್ನು ಅದು ಹೆಚ್ಚೆಂದರೆ ಮತ್ತೆ ಮತ್ತೆ ಪ್ರಶ್ನಿಸಬಹುದು. ಒಡಂಬಡಿಕೆಗೇ ಸೇರದ ದೇಶಕ್ಕಂತೂ ಅದು ಅಷ್ಟಾಗಿ ತಟ್ಟುವುದೂ ಇಲ್ಲ. ಸಿಂಗಪುರ ಸೇರಿಲ್ಲ. ಅಲ್ಲಿ 15 ಗ್ರಾಂ ದಾಟಿದ ಹೆರಾಯಿನ್ ಸಾಗಿಸಿದರೆ ಮರಣದಂಡನೆ ಬೀಳಬಹುದು. ಮಲೇಷ್ಯಾದ ನಾಗೇಂದ್ರನ್ ಧರ್ಮಲಿಂಗಂ ಎಂಬ ತಮಿಳು ಮೂಲದ ಯುವಕ 42.72 ಗ್ರಾಂ ಹೆರಾಯಿನನ್ನು ತೊಡೆಗೆ ಕಟ್ಟಿಕೊಂಡು 2009ರಲ್ಲಿ ಗಡಿ ದಾಟುವಾಗ ಸಿಕ್ಕಿಬಿದ್ದ. ಅವನ ಬುದ್ಧಿಮಟ್ಟ ಕಡಿಮೆಯಿತ್ತು ಎಂದು ವಕೀಲರು ವಾದಿಸಿದರು, ಜಗತ್ತಿನ ಹಲವು ಕಡೆಯಿಂದ ಮನವಿಗಳು ಹೋದವು. 2022ರ ಏಪ್ರಿಲ್ 27ರಂದು ಅವನನ್ನು ಗಲ್ಲಿಗೇರಿಸಿದರು.

ಅದೇ 2022ರ ಡಿಸೆಂಬರ್‌ನಲ್ಲಿ ಜಾಂಬಿಯಾದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಅಧ್ಯಕ್ಷ ಹಕೈಂಡೆ ಹಿಚಿಲೆಮ ಸಹಿ ಹಾಕಿದ ಕಾನೂನು ಅಲ್ಲಿನ ದಂಡ ಸಂಹಿತೆಯಿಂದ ಮರಣದಂಡನೆಯನ್ನು ತೆಗೆದುಹಾಕಿತು. ಇದು ಒಂದು ದಿನದ ಕೆಲಸವಾಗಿರಲಿಲ್ಲ. ಅಲ್ಲಿ ಕೊನೆಯ ಗಲ್ಲು ಆದದ್ದು 1997ರಲ್ಲಿ. ಆಮೇಲೆ ಬಂದ ಅಧ್ಯಕ್ಷ ಲೆವಿ ಮ್ವಾನವಾಸ, ತಾನು ಗಲ್ಲಿನ ಆದೇಶಕ್ಕೆ ಸಹಿ ಹಾಕುವುದಿಲ್ಲ ಎಂದರು. ಸಹಿ ಇಲ್ಲದಿದ್ದರೆ ಗಲ್ಲಿಲ್ಲ. ಆದರೆ ಕೋರ್ಟುಗಳು ಶಿಕ್ಷೆ ಕೊಡುವುದನ್ನು ನಿಲ್ಲಿಸಲಿಲ್ಲ, ಜೈಲು ತುಂಬುತ್ತ ಹೋಯಿತು. ಮುಕೊಬೆಕೊ ಎಂಬ ಜೈಲಿನಲ್ಲಿ ಗಲ್ಲು ಶಿಕ್ಷೆಯವರಿಗಾಗಿ ಸುಮಾರು 50 ಜನಕ್ಕೆ ಕಟ್ಟಿದ ಜಾಗದಲ್ಲಿ ನೂರಾರು ಜನ ಇದ್ದರು. 2015ರಲ್ಲಿ ಆಗಿನ ಅಧ್ಯಕ್ಷ ಎಡ್ಗರ್ ಲುಂಗು ಅಲ್ಲಿಗೆ ಹೋಗಿ ನೋಡಿ ಬಂದು, 332 ಜನರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದರು. ಅದಾಗಿ ಏಳು ವರ್ಷಕ್ಕೆ ಕಾನೂನು ಹೋಯಿತು. ಆಗಲೂ ಸೈನ್ಯದ ಕಾನೂನಿನಲ್ಲಿ ಅದು ಉಳಿದುಕೊಂಡಿತ್ತು.

ಬಹುತೇಕ ದೇಶಗಳಲ್ಲಿ ರದ್ದತಿ ಹೀಗೇ ಬಂದಿದೆ. ಮೊದಲು ನೇಣು ಹಾಕುವುದು ನಿಲ್ಲುತ್ತದೆ, ಆಮೇಲೆ ಶಿಕ್ಷೆ ಇಳಿಸುತ್ತಾರೆ, ಕಾನೂನಿನ ಪುಸ್ತಕ ತಿದ್ದುವುದು ಕೊನೆಗೆ. ಪೂರ್ತಿ ರದ್ದು ಮಾಡಿದ ದೇಶಗಳು 1977ರಲ್ಲಿ 16 ಇದ್ದವು, 2024ರ ಕೊನೆಗೆ 113 ಆಗಿವೆ ಎಂದು ಆಮ್ನೆಸ್ಟಿ ಲೆಕ್ಕ ಕೊಡುತ್ತದೆ. ಮರಣದಂಡನೆ ಜಾರಿಗೆ ತಡೆ ಕೊಡಿ ಎಂಬ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 2007ರಲ್ಲಿ ಮೊದಲು ಬಂದಾಗ 104 ದೇಶಗಳು ಪರವಾಗಿದ್ದವು, 2024ರಲ್ಲಿ 130.

ಆ ಮತಗಳಲ್ಲಿ ಭಾರತದ್ದು ವಿರೋಧದ ಮತ. ನಮ್ಮ ದೇಶ 1979ರಲ್ಲೇ ಒಡಂಬಡಿಕೆಗೆ ಸೇರಿದೆ, ಆದ್ದರಿಂದ ಆ ಎರಡು ಪದಗಳು ನಮಗೂ ಅನ್ವಯಿಸುತ್ತವೆ. ಆದರೆ ದೂರು ಕೊಡುವ ಆ ಚಿಕ್ಕ ಪೂರಕ ಒಪ್ಪಂದಕ್ಕೆ ನಾವು ಸೇರಿಲ್ಲ. ಲುಬುಟೊ ಬರೆದಂಥ ಕಾಗದವನ್ನು ನಮ್ಮ ಜೈಲಿನಲ್ಲಿರುವವನು ಬರೆದರೆ ಸಮಿತಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.

'ಕೊಲೆ ಮಾಡದವನಿಗೂ ನಮ್ಮಲ್ಲಿ ಗಲ್ಲು ಆಗುತ್ತೇನ್ರಪ್ಪ?' ಅಂತ ನಿವೃತ್ತ ಮೇಷ್ಟ್ರೊಬ್ಬರು ನಮ್ಮನ್ನು ಕೇಳಿದ್ದರು. ಕಾನೂನಿನಲ್ಲಿ ಅವಕಾಶ ಇದೆ ಮೇಷ್ಟ್ರೇ. ಮಾದಕ ವಸ್ತು ಕಾಯ್ದೆಯ 31ಎ ಕಲಮಿನ ಪ್ರಕಾರ, ಒಮ್ಮೆ ದೊಡ್ಡ ಪ್ರಮಾಣದ ಪ್ರಕರಣದಲ್ಲಿ ಶಿಕ್ಷೆಯಾದವನು ಮತ್ತೆ 1 ಕೆಜಿ ಹೆರಾಯಿನ್ ಅಥವಾ 20 ಕೆಜಿ ಚರಸ್‌ನಂಥ ಪ್ರಮಾಣದಲ್ಲಿ ಸಿಕ್ಕಿಬಿದ್ದರೆ ಮರಣದಂಡನೆ ವಿಧಿಸಲೇಬೇಕಿತ್ತು. 2008ರಲ್ಲಿ ಮುಂಬೈಯ ವಿಶೇಷ ಕೋರ್ಟು ಚರಸ್ ಪ್ರಕರಣವೊಂದರಲ್ಲಿ ಹಾಗೇ ವಿಧಿಸಿತು. 2011ರಲ್ಲಿ ಬಾಂಬೆ ಹೈಕೋರ್ಟ್, ಹೀಗೆ ನ್ಯಾಯಾಧೀಶರ ಕೈ ಕಟ್ಟಿಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದಿತು. ಆದರೆ ಕಲಮನ್ನು ಕಿತ್ತುಹಾಕಲಿಲ್ಲ. 'ವಿಧಿಸಲೇಬೇಕು' ಎಂಬುದನ್ನು 'ವಿಧಿಸಬಹುದು' ಎಂದು ಓದಿಕೊಳ್ಳಿ ಎಂದಿತು. 2014ರಲ್ಲಿ ಸಂಸತ್ತು ಕಾಯ್ದೆಯನ್ನೇ ಹಾಗೆ ತಿದ್ದಿತು. ಲುಬುಟೊನ ತೊಂದರೆಯ ಅರ್ಧ, ಅಂದರೆ ಕಡ್ಡಾಯ ಎಂಬುದು, ಹೋಯಿತು. ಇನ್ನರ್ಧ, ಯಾರನ್ನೂ ಕೊಲ್ಲದ ಅಪರಾಧಕ್ಕೆ ಮರಣದಂಡನೆ ಎಂಬುದು, ಹಾಗೇ ಇದೆ.

ಮಾದಕ ವಸ್ತುವಿನ ಮಾತಿಗೆ ನಮ್ಮೊಳಗೆ ಜಗಳವಾಗಲಿಲ್ಲ. ಜಗಳವಾದದ್ದು ಮಕ್ಕಳ ಮೇಲಿನ ಅತ್ಯಾಚಾರದ ವಿಷಯದಲ್ಲಿ. 12 ವರ್ಷದೊಳಗಿನ ಹೆಣ್ಣುಮಗುವಿನ ಮೇಲೆ ಅತ್ಯಾಚಾರ ಮಾಡಿದವನಿಗೆ, ಮಗು ಬದುಕಿದ್ದರೂ, ಮರಣದಂಡನೆ ವಿಧಿಸಬಹುದು ಎಂದು 2018ರಲ್ಲಿ ಕಾನೂನು ಬಂತು. ಈಗಿನ ನ್ಯಾಯ ಸಂಹಿತೆಯಲ್ಲೂ ಅದಿದೆ. ಸಮಿತಿಯ ಅಳತೆಗೋಲಿನಲ್ಲಿ ಇದು ಹಿಡಿಸುವುದಿಲ್ಲ. ನಮ್ಮಲ್ಲೊಬ್ಬಳು ಸಿಟ್ಟಿನಿಂದಲೇ ಕೇಳಿದಳು: 'ಆ ಮಗು ಜೀವನಪೂರ್ತಿ ಅನುಭವಿಸೋದು ಗಂಭೀರ ಅಲ್ವಾ? ಜಿನೀವಾದಲ್ಲಿ ಕೂತು ಇದನ್ನ ಹೇಳೋಕೆ ಅವರ್ಯಾರು?'

ಅವಳ ಸಿಟ್ಟು ಸುಳ್ಳಲ್ಲ. ಉಳಿದವರು ಕೊಟ್ಟ ಉತ್ತರ ಸಮಿತಿಯದ್ದಾಗಿರಲಿಲ್ಲ, ನಮ್ಮ ಊರುಗಳದ್ದೇ ಆಗಿತ್ತು. ಇಂಥ ಪ್ರಕರಣಗಳಲ್ಲಿ ಆರೋಪಿ ಹೆಚ್ಚಾಗಿ ಮನೆಯವನು, ನೆಂಟ, ಪಕ್ಕದ ಮನೆಯವನು. ಚಿಕ್ಕಪ್ಪನಿಗೆ ಗಲ್ಲಾಗುತ್ತದೆ ಅಂದರೆ ಅಜ್ಜಿಯೇ ಮಗುವಿನ ಬಾಯಿ ಮುಚ್ಚಿಸುತ್ತಾಳೆ. ಎರಡನೆಯದು ಇನ್ನೂ ಭಯದ್ದು. ಅತ್ಯಾಚಾರಕ್ಕೂ ಕೊಲೆಗೂ ಶಿಕ್ಷೆ ಒಂದೇ ಆದರೆ, ಇರುವ ಒಬ್ಬಳೇ ಸಾಕ್ಷಿಯನ್ನು ಉಳಿಸಲು ಅವನಿಗೆ ಯಾವ ಕಾರಣ ಉಳಿಯುತ್ತದೆ? ದೆಹಲಿ ಪ್ರಕರಣದ ನಂತರ ದೇಶವೆಲ್ಲ ಕುದಿಯುತ್ತಿದ್ದ 2013ರಲ್ಲೇ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆ ಬೇಡ ಎಂದು ಹೇಳಿತ್ತು. ಸರ್ಕಾರ ಆ ಮಾತನ್ನು ಪೂರ್ತಿ ಒಪ್ಪಲಿಲ್ಲ.

ನಮ್ಮ ಗೆಳತಿಯೂ ಒಪ್ಪಿಲ್ಲ. ಬಾಯಿ ಮುಚ್ಚಿಸುವ ಅಜ್ಜಿಯ ಮಾತನ್ನು ಮಾತ್ರ ಅವಳು ಒಪ್ಪುತ್ತಾಳೆ. ತಾನು ವರದಿ ಮಾಡಲು ಹೋದ ಹಳ್ಳಿಯೊಂದರಲ್ಲಿ ಅದನ್ನು ಕಣ್ಣಾರೆ ಕಂಡಿದ್ದಾಳಂತೆ. ಅಲ್ಲಿ ಕೊನೆಗೆ ದೂರೇ ದಾಖಲಾಗಲಿಲ್ಲ.