೧೨೬ ಅಥವಾ 126?

ಹೋದ ರಜೆಯಲ್ಲಿ ಬೀಳಗಿಗೆ ಹೋದಾಗ ಲ್ಯಾಪ್‌ಟಾಪ್ ಜೊತೆ ಒಂದು ಕೆಲಸಾನೂ ಒಯ್ದಿದ್ದೆ. ತಂಗಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ವಿಜ್ಞಾನ. ಎನ್‌ಸಿಇಆರ್‌ಟಿ 11ನೇ ತರಗತಿ ಭೌತಶಾಸ್ತ್ರದಲ್ಲಿ ಸರಳರೇಖೆಯ ಚಲನೆಯ ಅಧ್ಯಾಯ ಇದೆಯಲ್ಲ, ಅದನ್ನು ಅವಳಿಗಾಗಿ ಕನ್ನಡಕ್ಕೆ ಮಾಡುತ್ತಿದ್ದೆ. ಪದಗಳ ಕಷ್ಟ ಗೊತ್ತಿದ್ದೇ ಇತ್ತು. ಅಂಕಿಗಳು ತೊಂದರೆ ಕೊಡುತ್ತವೆ ಅಂತ ಮಾತ್ರ ಎಣಿಸಿರಲಿಲ್ಲ.

ಮೊದಲು ಎಲ್ಲ ಅಂಕಿಗಳನ್ನೂ ಕನ್ನಡದಲ್ಲೇ ಹಾಕಿದೆ. ಕನ್ನಡ ಪುಸ್ತಕ ಅಂದಮೇಲೆ ಅಂಕಿ ಯಾಕೆ ಬೇರೆ ಇರಬೇಕು ಅನ್ನೋ ಹಟ. ಇದಕ್ಕೆ ಹಿನ್ನೆಲೆ ನಮ್ಮಜ್ಜ. ಅವರ ಅಂಗಡಿ ಖಾತೆ ಪುಸ್ತಕಗಳೆಲ್ಲ ಕನ್ನಡ ಅಂಕಿಯಲ್ಲೇ ಇವೆ. ನಾನು ೧, ೨, ೩ ಕಲಿತದ್ದು ಶಾಲೆಗಿಂತ ಮೊದಲು ಆ ಪುಸ್ತಕಗಳಲ್ಲೇ.

ಅಧ್ಯಾಯದ ಅಭ್ಯಾಸದಲ್ಲಿ ಒಂದು ಲೆಕ್ಕ ಇದೆ. ಗಂಟೆಗೆ 126 ಕಿ.ಮೀ. ವೇಗದ ಕಾರು 200 ಮೀಟರಿನೊಳಗೆ ನಿಲ್ಲಬೇಕು, ಋಣ ವೇಗೋತ್ಕರ್ಷ ಎಷ್ಟು? ನಾನು ‘೧೨೬ ಕಿ.ಮೀ.’ ಅಂತ ಹಾಕಿ ಊರಿನ ಝೆರಾಕ್ಸ್ ಅಂಗಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕೊಟ್ಟೆ. ತಂಗಿ ಲೆಕ್ಕ ಮಾಡಿ 3.21 ತಂದಳು. ಪುಸ್ತಕದ ಹಿಂದಿನ ಉತ್ತರ 3.06. ಸೂತ್ರ ಸರಿ ಇತ್ತು, ಗುಣಾಕಾರ ಸರಿ ಇತ್ತು. ಸಿಕ್ಕಿದ್ದು ಅವಳ ಎರಡನೇ ಸಾಲಿನಲ್ಲಿ. 126ನ್ನು 3.6ರಿಂದ ಭಾಗಿಸಿದರೆ ಸರಿಯಾಗಿ 35 ಬರಬೇಕು, ಅವಳಿಗೆ 35.83 ಬಂದಿತ್ತು. ಅಂದ್ರೆ ಶುರು ಮಾಡಿದ್ದೇ 129ರಿಂದ. ೬ ಅವಳಿಗೆ ೯ ಆಗಿ ಕಂಡಿತ್ತು.

“ಯಣ್ಣಾ, ಇದು ಆರೋ ಒಂಬತ್ತೋ ಯಾರಿಗೆ ಗೊತ್ತಾಗಬೇಕು?” ಅಂದಳು. ನಿಜ. ಕಥೆಯಲ್ಲಿ ಒಂದು ಅಕ್ಷರ ಮಸುಕಾದರೆ ಅಕ್ಕಪಕ್ಕದ ಅಕ್ಷರ ನೋಡಿ ಊಹಿಸಬಹುದು. ಅಂಕಿಗೆ ಆ ಆಸರೆ ಇಲ್ಲ. ೧೨೯ ಕೂಡ ಒಂದು ಒಳ್ಳೆಯ ಸಂಖ್ಯೆಯೇ. ೨ ಮತ್ತು ೩ರದ್ದೂ ಇದೇ ಕಥೆ.

ಆಮೇಲೆ ಸೂತ್ರಗಳ ಸರದಿ. v² = u² + 2as ಇದರಲ್ಲಿ v, u, a, s ಹಾಗೇ ಇರುತ್ತವೆ, ಯಾಕಂದ್ರೆ ಮುಂದೆ ಸಿಇಟಿ ಬರೆಯುವಾಗ ಅವೇ ಎದುರಾಗುತ್ತವೆ. ಹಾಗಾದರೆ 2 ಒಂದನ್ನೇ ಕನ್ನಡ ಮಾಡಿ ೨as ಬರೆಯಬೇಕಾ? ಬರೆದು ನೋಡಿದೆ, ಎರಡು ಲಿಪಿ ಒಂದೇ ಪದದಲ್ಲಿ ಗುದ್ದಾಡಿದ ಹಾಗಿತ್ತು. ಘಾತಕ್ಕೆ ಯೂನಿಕೋಡ್‌ನಲ್ಲಿ ² ಇದೆ, ಕನ್ನಡ ಅಂಕಿಗೆ ಅಂಥ ಮೇಲ್ಬರಹದ ರೂಪ ಇಲ್ಲ. ಮಾಮೂಲಿ ೨ನ್ನೇ ಕಿರಿದು ಮಾಡಿ ಮೇಲೆತ್ತಿದರೆ ಪ್ರಿಂಟಿನಲ್ಲಿ ಅದು ಸೊಳ್ಳೆ ಕೂತಂಗೆ ಕಾಣುತ್ತೆ.

ಇನ್ನು ಸೊನ್ನೆ. ಅನುಸ್ವಾರ ಮತ್ತು ಕನ್ನಡ ಸೊನ್ನೆ ನೋಡೋಕೆ ಹೆಚ್ಚುಕಡಿಮೆ ಒಂದೇ, ಶಾಲೆಯಲ್ಲಿ ಕರೆಯೋದೂ ಎರಡನ್ನೂ ಸೊನ್ನೆ ಅಂತಲೇ. ಟೈಪ್ ಮಾಡುವಾಗ ಕೆಲವು ಕಡೆ ಸೊನ್ನೆಯ ಜಾಗಕ್ಕೆ ಅನುಸ್ವಾರ ಬಿದ್ದಿತ್ತು. ಕಣ್ಣಿಗೆ ಸಿಗಲಿಲ್ಲ, ಪೈಥಾನ್‌ಗೆ ಸಿಕ್ಕಿತು:

```
>>> int("೧೨೬")
126
>>> int("೧ಂ")
ValueError: invalid literal for int() with base 10: '೧ಂ'
```

ಕನ್ನಡ ಅಂಕಿಗಳನ್ನು ಪೈಥಾನ್ ಓದುತ್ತೆ ಅಂತ ನನಗೂ ಅವತ್ತೇ ಗೊತ್ತಾಗಿದ್ದು. ಜಾವಾಸ್ಕ್ರಿಪ್ಟ್‌ನ `Number("೧೨೬")` ಮಾತ್ರ `NaN` ಅಂತ ಕೈ ಎತ್ತಿತು.

ಅಜ್ಜನ ಮುಂದೆ ಇದೆಲ್ಲ ಹೇಳಿದರೆ, “ನಲವತ್ತ ವರ್ಷ ಇದರಾಗ ಲೆಕ್ಕಾ ಬರದೀನಿ, ಒಂದ್ ಪೈಸಾ ತಪ್ಪಿಲ್ಲ. ತಪ್ಪು ಅಂಕೀದಲ್ಲ, ನಿಮ್ಮ ಕಣ್ಣಿಂದು” ಅಂದರು. ಅವರ ಮಾತು ತೆಗೆದುಹಾಕೋ ಹಾಗಿಲ್ಲ. ಬಾಂಗ್ಲಾದೇಶದ ಶಾಲೆಗಳಲ್ಲಿ ಗಣಿತ ಪುಸ್ತಕ ಇವತ್ತಿಗೂ ಬಾಂಗ್ಲಾ ಅಂಕಿಯಲ್ಲೇ ಬರುತ್ತೆ, ಮಕ್ಕಳು ಓದುತ್ತಾರೆ. ದಿನಾ ಕಂಡರೆ ಕಣ್ಣು ಪಳಗುತ್ತೆ. ಆದರೆ ನನ್ನ ತಂಗಿಯ ಕಣ್ಣು ಪಳಗಿಲ್ಲ. ಅವಳ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲೂ ಇದ್ದದ್ದು 1, 2, 3. ಲ್ಯಾಬಿನ ವೋಲ್ಟ್‌ಮೀಟರು, ಸ್ಕೇಲು, ಲಾಗ್ ಟೇಬಲ್ಲು ಎಲ್ಲ ಹಾಗೇ. ಅಲ್ಲಿಂದ ಓದಿದ್ದನ್ನು ಪುಸ್ತಕಕ್ಕಾಗಿ ಪ್ರತಿ ಸಲ ಮನಸ್ಸಿನಲ್ಲೇ ಬದಲಿಸಬೇಕು ಅಂದ್ರೆ, ಇಂಗ್ಲಿಷ್ ಭಾರ ಇಳಿಸೋಕೆ ಹೋಗಿ ಇನ್ನೊಂದು ಭಾರ ಹೊರಿಸಿದ ಹಾಗೆ.

ಕೊನೆಗೆ ಹೀಗೆ ಮಾಡಿದೆ. ಅಳತೆ, ಏಕಮಾನ, ಸೂತ್ರ, ಕೋಷ್ಟಕ, ನಕ್ಷೆ ಎಲ್ಲ 1, 2, 3ರಲ್ಲಿ. ವಾಕ್ಯದೊಳಗೆ ಬರೀ ಎಣಿಕೆ ಇದ್ದರೆ ಅಕ್ಷರದಲ್ಲಿ: ಎರಡು ಕಾರು, ಮೂರು ಸೆಕೆಂಡು ಅಲ್ಲ, 3 ಸೆಕೆಂಡು. ಪುಟಸಂಖ್ಯೆ ಮತ್ತು ಅಧ್ಯಾಯದ ಸಂಖ್ಯೆ ಕನ್ನಡ ಅಂಕಿಯಲ್ಲಿ. ಇದು ಅಜ್ಜನಿಗೆ ಕೊಟ್ಟ ಸಮಾಧಾನದ ಬಹುಮಾನ ಅಂತ ನನಗೇ ಅನಿಸಿತು, ಸ್ವಲ್ಪ ನಾಚಿಕೆಯೂ ಆಯಿತು. ಲೆಕ್ಕ ಮಾಡದ ಅಂಕಿ ಪುಟದ ಮೂಲೆಯ ಅಲಂಕಾರ ಅಷ್ಟೇ ಅಲ್ವಾ?

ಹೊಸ ಪ್ರಿಂಟ್ ತಂದ ಸಂಜೆ ಅಜ್ಜ ಕನ್ನಡಕ ಏರಿಸಿ ಹಾಳೆ ತಿರುವಿದರು. ವೇಗೋತ್ಕರ್ಷದ ಗೋಜಿಗೆ ಹೋಗಲಿಲ್ಲ, ಪುಟದ ಮೂಲೆಗಳನ್ನಷ್ಟೇ ನೋಡುತ್ತಾ ಹೋದರು. “ಹದಿನೇಳಾದ ಮ್ಯಾಲ ಹತ್ತೊಂಬತ್ತ ಐತಿ. ಹದಿನೆಂಟ ಎಲ್ಲಿ ಹೋತು?” ಅಂದರು. ನೋಡಿದರೆ ಝೆರಾಕ್ಸ್ ಅಂಗಡಿಯವನು ಒಂದು ಹಾಳೆ ಬಿಟ್ಟಿದ್ದ. ನಾನಾಗಲಿ ತಂಗಿಯಾಗಲಿ ಗಮನಿಸಿರಲಿಲ್ಲ. ಅವತ್ತೇ ಸೈಕಲ್ ತಗೊಂಡು ಹೋಗಿ ೧೮ನೇ ಪುಟ ತೆಗೆಸಿಕೊಂಡು ಬಂದೆ.