ರಜೆಯ ದಿನಕ್ಕೆ ಸರಿದ ಸಭೆ

2004ರ ಜನವರಿ 9, ಶುಕ್ರವಾರ. ಪಂಚಾಂಗದ ಪ್ರಕಾರ ಅಂದು ನಮ್ಮ ತಾಯಿಯವರ ವಾರ್ಷಿಕ ಶ್ರಾದ್ಧ. ಅದಕ್ಕಾಗಿ ಹದಿನೈದು ದಿನ ಮೊದಲೇ ಸಾಂದರ್ಭಿಕ ರಜೆ ಮಂಜೂರು ಮಾಡಿಸಿಕೊಂಡಿದ್ದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಸುಧಾರಣೆಯ ಸಭೆ 7ರ ಬುಧವಾರಕ್ಕೆ ಗೊತ್ತಾಗಿತ್ತು. ಮಂಗಳವಾರ ಸಂಜೆ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ದೂರವಾಣಿ ಬಂತು: "ಸಭೆ ಶುಕ್ರವಾರಕ್ಕೆ ಹೋಗಿದೆ ಮೇಷ್ಟ್ರೇ, ಒಂದು ಗಳಿಗೆ ಬಂದು ಮುಖ ತೋರಿಸಿ ಹೋಗಿ."

ಊರು ನಲವತ್ತು ಮೈಲಿ ದೂರ, ಕರ್ತೃ ನಾನೇ. ತಿಥಿಯನ್ನು ಮುಂದೂಡುವಂತಿಲ್ಲ, ಸಭೆಯನ್ನು ಮುಂದೂಡಬಹುದು. "ನೋಡೋಣ" ಎಂದಿದ್ದರೆ ಅವರು ಅದನ್ನು ಒಪ್ಪಿಗೆಯೆಂದೇ ತಿಳಿಯುತ್ತಿದ್ದರು. ಶ್ರಾದ್ಧದ ವಿಷಯವನ್ನು ವಿವರಿಸಿದ್ದರೆ, "ಹನ್ನೆರಡಕ್ಕೆ ಮುಗಿಯುತ್ತದಲ್ಲ, ಆಮೇಲೆ ಬನ್ನಿ" ಎಂಬ ಚೌಕಾಸಿ ಶುರುವಾಗುತ್ತಿತ್ತು. ಮಂಜೂರಾದ ರಜೆಗೆ ಮತ್ತೊಮ್ಮೆ ಕಾರಣ ಒಪ್ಪಿಸುವ ಅಗತ್ಯವೂ ಇರಲಿಲ್ಲ. ಮುಖ್ಯೋಪಾಧ್ಯಾಯರ ಮೂಲಕ ಬರೆದು ಕಳುಹಿಸಿದ್ದು ಇಷ್ಟೇ:

"ಮಾನ್ಯರೇ, ದಿನಾಂಕ 9ರಂದು ನನಗೆ ಸಾಂದರ್ಭಿಕ ರಜೆ ಮಂಜೂರಾಗಿರುತ್ತದೆ. ಆದಕಾರಣ ಅಂದಿನ ಸಭೆಗೆ ಹಾಜರಾಗಲು ಸಾಧ್ಯವಿಲ್ಲ. ದಿನಾಂಕ 12ರ ಸೋಮವಾರ ಬೆಳಿಗ್ಗೆ 10-30ಕ್ಕೆ ತಮ್ಮ ಕಚೇರಿಯಲ್ಲಿ ಹಾಜರಿರುತ್ತೇನೆ. ಗಣಿತದ ಅಂಕಪಟ್ಟಿಯನ್ನು ಲಗತ್ತಿಸಿದೆ."

ಸೋಮವಾರವೇ ಏಕೆಂದು ಓದುಗರು ಕೇಳಬಹುದು. 10ರ ಶನಿವಾರ ನಮ್ಮ ಶಾಲೆಗೆ ಬೆಳಗಿನ ತರಗತಿಗಳಿದ್ದವು. ಆದರೆ ಅದು ಎರಡನೆಯ ಶನಿವಾರ, ಕಚೇರಿಗೆ ರಜೆ. "ರಜೆ ಮುಗಿದ ಮರುದಿನ ಬರುತ್ತೇನೆ" ಎಂದು ಬರೆದಿದ್ದರೆ ಮುಚ್ಚಿದ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತಿತ್ತು, ಮಾತೂ ಹುಸಿಯಾಗುತ್ತಿತ್ತು. ಮೊದಲ ಕೆಲಸದ ದಿನವೆಂದರೆ ಇಬ್ಬರಿಗೂ ಕೆಲಸದ ದಿನವಾಗಿರಬೇಕು. ದಿನಾಂಕ, ವಾರ, ಗಂಟೆ ಮೂರನ್ನೂ ಬರೆದಾಗ ನಿರಾಕರಣೆಯು ನುಣುಚಿಕೊಳ್ಳುವಿಕೆಯಂತೆ ಕಾಣುವುದಿಲ್ಲ. ಅಂಕಪಟ್ಟಿ ಮೊದಲೇ ತಲುಪಿದ್ದರಿಂದ ನಾನಿಲ್ಲದೆ ಸಭೆ ನಿಲ್ಲುವ ಪ್ರಮೇಯವೂ ಇರಲಿಲ್ಲ.

ಇದಕ್ಕೊಂದು ಮಿತಿಯುಂಟು. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲವೆಂದು ಸೇವಾ ನಿಯಮಗಳೇ ಹೇಳುತ್ತವೆ. ಮಂಜೂರು ಮಾಡಿದವರು ಸಾರ್ವಜನಿಕ ಕಾರ್ಯದ ತುರ್ತಿಗಾಗಿ ಅದನ್ನು ರದ್ದುಪಡಿಸಬಹುದು. ರದ್ದತಿಯ ಲಿಖಿತ ಆದೇಶ ಬಂದಿದ್ದರೆ ನನ್ನ ಪತ್ರ ನಿಲ್ಲುತ್ತಿರಲಿಲ್ಲ. ತಮ್ಮನನ್ನು ಕರ್ತೃವಾಗಿ ಕೂರಿಸಬೇಕಾಗುತ್ತಿತ್ತು. ಆದರೆ ದೂರವಾಣಿಯ "ಬಂದು ಹೋಗಿ" ಎಂಬುದು ಕೋರಿಕೆಯೇ ಹೊರತು ಆದೇಶವಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಸಹೋದ್ಯೋಗಿಗಳು ಅರ್ಧ ದಾರಿಯಿಂದ ಹಿಂದಿರುಗಿದ್ದನ್ನು ಕಂಡಿದ್ದೇನೆ.

ಶುಕ್ರವಾರದ ಸಭೆ ನಡೆಯಿತು. ಗಣಿತದ ವಿಷಯವನ್ನು ಸೋಮವಾರಕ್ಕೆ ಇಟ್ಟುಕೊಂಡರು. ಅಂದು ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೇ ನಾನು ಕಚೇರಿಯ ಜಗುಲಿಯಲ್ಲಿ ಕುಳಿತಿದ್ದೆ.